ಕ್ಷೇಮದ ಪ್ರಶ್ನೆ, ವಿಶೇಷದ ಉತ್ತರ: ಪೈವಳಿಕೆಯ ಕುಶಲೋಪರಿಯ ಒಂದು ಚರಿತ್ರೆ

ಮಂಜೇಶ್ವರ ತಾಲೂಕಿನ ಪೈವಳಿಕೆಯಲ್ಲಿ ಪರಿಚಿತರಿಬ್ಬರು ಎದುರಾದರೆ ಕುಶಲಪ್ರಶ್ನೆ ಯಾವ ಭಾಷೆಯಲ್ಲಿ ಬರುತ್ತದೆಂದು ಮುಂದಾಗಿ ಹೇಳಲಾಗದು. ತುಳುವಿನಲ್ಲಿ ‘ಎಂಚ ಉಲ್ಲರ್?’, ಮಲಯಾಳದಲ್ಲಿ ‘ಸುಖಮಾಣೋ?’, ಕನ್ನಡದಲ್ಲಿ ‘ಸೌಖ್ಯವಾ?’ ಎಂಬ ಮೂರೂ ಒಂದೇ ಪೇಟೆಯಲ್ಲಿ, ಹಲವೊಮ್ಮೆ ಒಬ್ಬರದೇ ಬಾಯಲ್ಲಿ ಕೇಳಿಬರುತ್ತವೆ. ಉತ್ತರದಲ್ಲಿ ಮಾತ್ರ ಈ ವೈವಿಧ್ಯವಿಲ್ಲ. ‘ಸೌಖ್ಯ’, ‘ಸುಖಂ’, ‘ಉಸಾರ್ ಉಲ್ಲೆ’ ಎಂಬ ಒಂದೆರಡು ಪದಗಳಲ್ಲಿ ಅದು ಮುಗಿಯುತ್ತದೆ. ಜ್ವರದಿಂದ ಎದ್ದು ಬಂದವರೂ ಸಾಲದ ಚಿಂತೆಯಲ್ಲಿರುವವರೂ ಮೊದಲು ಇದನ್ನೇ ಹೇಳುತ್ತಾರೆ. ಇದು ಸುಳ್ಳೇ? ಸುಳ್ಳಲ್ಲವಾದರೆ ಆ ಪ್ರಶ್ನೆ ನಿಜವಾಗಿ ಏನನ್ನು ಕೇಳುತ್ತದೆ?

ಇಪ್ಪತ್ತನೆಯ ಶತಮಾನದ ವಿದ್ವತ್ತು ಇದಕ್ಕೆ ಎರಡು ಪ್ರಸಿದ್ಧ ಉತ್ತರಗಳನ್ನು ಕೊಟ್ಟಿದೆ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲಿ, ಇಂಥ ಮಾತುಗಳು ಮಾಹಿತಿಗಾಗಿ ಅಲ್ಲ, ಮೌನದ ಇರಿಸುಮುರಿಸನ್ನು ಕಳೆದು ಸಂಬಂಧವನ್ನು ಕಟ್ಟಲಿಕ್ಕಾಗಿ ಎಂದು ವಾದಿಸಿದರು. ಸಂಭಾಷಣಾ ವಿಶ್ಲೇಷಣೆಯ ಹಾರ್ವೆ ಸ್ಯಾಕ್ಸ್ 1975ರಲ್ಲಿ ಪ್ರಕಟವಾದ ಲೇಖನದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ‘ಚೆನ್ನಾಗಿಲ್ಲ’ ಎಂದರೆ ಎದುರಿನವರು ಕಾರಣ ಕೇಳಲೇಬೇಕಾಗುತ್ತದೆ. ಆದರೆ ಪ್ರತಿಯೊಂದು ಕಷ್ಟವೂ ಎಲ್ಲರ ಮುಂದೆ ಹೇಳತಕ್ಕದ್ದಲ್ಲ. ಆದ್ದರಿಂದ ಮಾತಿನ ವ್ಯವಸ್ಥೆಯೇ ಜನರಿಂದ ಸುಳ್ಳು ಹೇಳಿಸುತ್ತದೆ ಎಂಬುದು ಅವರ ತರ್ಕದ ಸಾರ. ಇಬ್ಬರೂ ಪ್ರಶ್ನೆಯ ವಿಷಯವನ್ನು ವ್ಯಕ್ತಿಯ ಸ್ಥಿತಿಯೆಂದೇ ಗ್ರಹಿಸಿದ್ದಾರೆ. ಒಬ್ಬರಿಗೆ ಆ ವಿಷಯ ಮುಖ್ಯವಲ್ಲ, ಇನ್ನೊಬ್ಬರಿಗೆ ಅದರ ಉತ್ತರ ನಿಜವಲ್ಲ. ‘ಕ್ಷೇಮ’ ಎಂಬ ಪದದ ಚರಿತ್ರೆಯನ್ನು ನೋಡಿದರೆ ಈ ಗ್ರಹಿಕೆಯನ್ನೇ ಮರುಪರಿಶೀಲಿಸಬೇಕಾಗುತ್ತದೆ.

ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ ‘ಯೋಗಕ್ಷೇಮ’ ಪದಕ್ಕೆ ಶಂಕರರು ಕೊಟ್ಟ ಅರ್ಥ ಇಲ್ಲಿ ನೆರವಾಗುತ್ತದೆ. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹಾಗಾದರೆ ‘ಕ್ಷೇಮವೇ?’ ಎಂಬುದು ಮನಸ್ಸು ಹೇಗಿದೆ ಎಂಬ ಪ್ರಶ್ನೆಯಲ್ಲ. ಇದ್ದದ್ದು ಇದ್ದ ಹಾಗೆಯೇ ಇದೆಯೇ, ಏನಾದರೂ ಕಳೆದುಹೋಯಿತೇ ಎಂಬ ವಿಚಾರಣೆ. ಮನೆ, ಮಕ್ಕಳು, ದನಕರು, ತೋಟ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಮಹಾಭಾರತದ ಸಭಾಪರ್ವದಲ್ಲಿ ನಾರದರು ಯುಧಿಷ್ಠಿರನನ್ನು ಕೇಳುವ ದೀರ್ಘ ಪ್ರಶ್ನಮಾಲೆ ಈ ಬಗೆಯ ವಿಚಾರಣೆಯ ಉತ್ತುಂಗ. ಕುಮಾರವ್ಯಾಸನ ಮೂಲಕ ಕನ್ನಡದ ಓದುಗರಿಗೂ ಅದು ಪರಿಚಿತ. ಅಲ್ಲಿ ಅರಸನ ಕುಶಲವೆಂದರೆ ಕೋಟೆ, ಕೋಶ, ಕೃಷಿ, ಸೇವಕರ ಸಂಬಳ ಎಲ್ಲವೂ ಹೌದು.

ಈ ವಿಚಾರಣೆ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯ ಬ್ರಾಹ್ಮಣನಲ್ಲಿ ‘ಕುಶಲ’ವನ್ನು, ಕ್ಷತ್ರಿಯನಲ್ಲಿ ‘ಅನಾಮಯ’ವನ್ನು, ವೈಶ್ಯನಲ್ಲಿ ‘ಕ್ಷೇಮ’ವನ್ನು, ಶೂದ್ರನಲ್ಲಿ ‘ಆರೋಗ್ಯ’ವನ್ನು ಕೇಳಬೇಕೆಂದು ವಿಧಿಸುತ್ತದೆ. ಕೂಡಿಟ್ಟ ಸೊತ್ತುಳ್ಳವನಿಗೆ ಸೊತ್ತಿನ ಪ್ರಶ್ನೆ, ದುಡಿಯುವವನಿಗೆ ದೇಹದ ಪ್ರಶ್ನೆ ಎಂದು ಇದನ್ನು ಓದಬಹುದು. ಇಂದು ಪೈವಳಿಕೆಯಲ್ಲಿ ‘ಸೌಖ್ಯವಾ?’ ಎಂಬ ಒಂದೇ ಪದ ಎಲ್ಲರಿಗೂ ಸಲ್ಲುತ್ತದೆ. ಈ ಸಮಾನತೆಯನ್ನು ಸಣ್ಣದೆಂದು ಎಣಿಸಬೇಕಾಗಿಲ್ಲ. ಕೇರಳದಲ್ಲಿ ಗೇಣಿ ಪದ್ಧತಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1970ರ ಜನವರಿ 1ರಂದು. ಅದಕ್ಕೆ ಮುಂಚಿನ ಗ್ರಾಮವ್ಯವಸ್ಥೆಯಲ್ಲಿ ಯಾರು ಯಾರನ್ನು ಮೊದಲು ವಿಚಾರಿಸಬೇಕು ಎಂಬುದೂ ಅಂತಸ್ತಿನ ಮಾತೇ ಆಗಿತ್ತು.

ಶಾಸ್ತ್ರದ ಈ ಪದಗಳು ಸಾಮಾನ್ಯ ಮನೆಗಳನ್ನು ಸೇರಿದ ಒಂದು ದಾರಿ ಪತ್ರವ್ಯವಹಾರ. 1956ರ ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶದಿಂದ ಅನೇಕರು ದುಡಿಮೆಗಾಗಿ ಮುಂಬಯಿಗೆ ಹೋದರು. ಊರಿಗೂ ಮುಂಬಯಿಗೂ ನಡುವೆ ಓಡಾಡಿದ ಕನ್ನಡ ಕಾಗದಗಳಿಗೆ ಒಂದು ಸಿದ್ಧ ಚೌಕಟ್ಟಿತ್ತು. ಮೇಲೆ ‘ಶ್ರೀ’, ಬದಿಯಲ್ಲಿ ‘ಕ್ಷೇಮ’, ಬಳಿಕ ‘ತೀರ್ಥರೂಪು’ ಅಥವಾ ‘ಚಿರಂಜೀವಿ’ ಎಂಬ ಸಂಬೋಧನೆ, ಅದರ ಹಿಂದೆಯೇ ‘ಉಭಯ ಕುಶಲೋಪರಿ ಸಾಂಪ್ರತ’. ಇಬ್ಬರ ಕುಶಲದ ಮಾತಾದ ಮೇಲೆ ಸದ್ಯದ ವಿಷಯ ಎಂದು ಇದರ ತಾತ್ಪರ್ಯ. ಕೊನೆಯ ಪದವೇ ಇಡೀ ವ್ಯಾಕರಣವನ್ನು ಹೇಳುತ್ತದೆ: ಕುಶಲ ಮೊದಲು, ಸುದ್ದಿ ಆಮೇಲೆ.

ಒಂದು ಸಾಮಾನ್ಯ ಕಾಗದವನ್ನು ಊಹಿಸಿಕೊಳ್ಳಬಹುದು. ‘ಇಲ್ಲಿ ನಾವೆಲ್ಲರೂ ಕ್ಷೇಮ’ ಎಂದು ಬರೆದ ತಂದೆ, ನಾಲ್ಕು ಸಾಲಿನ ಕೆಳಗೆ, ಅಡಕೆಗೆ ಕೊಳೆರೋಗ ಬಂದದ್ದನ್ನೂ ತಾಯಿಯ ಮಂಡಿನೋವನ್ನೂ ತಿಳಿಸುತ್ತಾರೆ. ಮಗನಿಗೆ ಇದರಲ್ಲಿ ವಿರೋಧ ಕಾಣಿಸುವುದಿಲ್ಲ. ಮೊದಲ ಸಾಲು ಮನೆ ನಿಂತಿದೆ, ಯಾರೂ ತೀರಿಕೊಂಡಿಲ್ಲ ಎಂದು ಹೇಳಿತು. ಮುಂದಿನ ಸಾಲುಗಳು ಆ ನೆಲೆಯ ಮೇಲೆ ನಿಂತು ಕಷ್ಟವನ್ನು ಹೇಳಿದವು. ಗಾಬರಿಗೆ ಕಾರಣವಾಗುವುದು ಮಂಡಿನೋವಿನ ಸುದ್ದಿಯಲ್ಲ, ಕ್ಷೇಮದ ಸಾಲೇ ಇಲ್ಲದ ಕಾಗದ. ಮರಣವಾರ್ತೆಯ ಕಾಗದದಲ್ಲಿ ಆ ಸಾಲಿಗೆ ಸ್ಥಳವಿಲ್ಲ; ಓದುವ ಮೊದಲೇ ಕಣ್ಣು ಅದನ್ನು ಹುಡುಕುತ್ತಿತ್ತು.

ಪೈವಳಿಕೆಯ ಆಡುಮಾತು ಇದೇ ಕ್ರಮವನ್ನು ಉಳಿಸಿಕೊಂಡಿದೆ. ‘ಸೌಖ್ಯ’ ಎಂಬ ಉತ್ತರದ ಬಳಿಕ ಎರಡನೆಯ ಪ್ರಶ್ನೆ ಬರುತ್ತದೆ: ‘ಮತ್ತೆ ಎಂತ ವಿಶೇಷ?’ ತುಳುವಿನಲ್ಲಿ ‘ದಾನೆ ವಿಶೇಷ?’, ಮಲಯಾಳದಲ್ಲಿ ‘ಎಂತುಂಡ್ ವಿಶೇಷಂ?’ ಮೂರು ಭಾಷೆಗಳೂ ಹಂಚಿಕೊಂಡಿರುವ ‘ವಿಶೇಷ’ಕ್ಕೆ ಸಂಸ್ಕೃತದಲ್ಲಿ ಭೇದ, ಬೇರೆಯಾಗಿ ತೋರುವುದು ಎಂಬ ಅರ್ಥವಿದೆ. ಇದ್ದದ್ದು ಹಾಗೆಯೇ ಉಳಿದರೆ ಕ್ಷೇಮ, ಅದರಲ್ಲಿ ಬೇರೆಯಾದದ್ದು ವಿಶೇಷ. ಮೊದಲ ಪ್ರಶ್ನೆಗೆ ಉತ್ತರ ನಿಗದಿತ, ಎರಡನೆಯದಕ್ಕೆ ಆಯ್ಕೆಯುಂಟು. ‘ದಾಲ ಇಜ್ಜಿ’, ಏನೂ ಇಲ್ಲ, ಎಂದು ಮಾತನ್ನು ಅಲ್ಲಿಗೇ ಬಿಡಬಹುದು, ಇಲ್ಲವೇ ಮಗಳ ಮದುವೆಯಿಂದ ಆಸ್ಪತ್ರೆಯ ಖರ್ಚಿನ ತನಕ ಹೇಳಿಕೊಳ್ಳಬಹುದು. ಸ್ಯಾಕ್ಸ್ ಕಂಡ ಇಕ್ಕಟ್ಟು ಇಲ್ಲಿ ಇಬ್ಭಾಗವಾಗಿ ಸಡಿಲಗೊಂಡಿದೆ. ಮೊದಲ ಉತ್ತರ ಸುಳ್ಳಾಗಬೇಕಾಗಿಲ್ಲ, ಏಕೆಂದರೆ ಅದು ನೋವಿಲ್ಲವೆಂದು ಹೇಳುತ್ತಿಲ್ಲ. ಕೇಳಿದವರು ನಡೆಯುತ್ತಲೇ ಇದ್ದರೆ ‘ಎಂತ ಇಲ್ಲ’ ಸಾಕು. ನಿಂತರೆ, ಕುಳಿತರೆ, ಮನೆಯವರ ಹೆಸರು ಹಿಡಿದು ಮತ್ತೊಮ್ಮೆ ಕೇಳಿದರೆ, ಆಗ ನಿಜವಾದ ಉತ್ತರಕ್ಕೆ ಜಾಗವಾಯಿತೆಂದು ತಿಳಿಯುತ್ತದೆ.

ಈ ಏರ್ಪಾಡಿಗೆ ಅದರದೇ ಕ್ರೌರ್ಯವೂ ಇದೆ. ಹೊಸದಾಗಿ ಮದುವೆಯಾದವಳನ್ನು ‘ವಿಶೇಷ ಉಂಟಾ?’ ಎಂದು ಕೇಳಿದರೆ ಅದರ ಅರ್ಥ ಗರ್ಭಿಣಿಯೇ ಎಂದು. ಕನ್ನಡದಲ್ಲೂ ಮಲಯಾಳದಲ್ಲೂ ಈ ಅರ್ಥ ರೂಢಿಯಲ್ಲಿದೆ. ಉಳಿದವರಿಗೆ ‘ಏನೂ ಇಲ್ಲ’ ಎಂಬುದು ತಪ್ಪಿಸಿಕೊಳ್ಳುವ ಬಾಗಿಲಾದರೆ, ವರ್ಷಗಳು ಕಳೆದ ಮೇಲೂ ಮಕ್ಕಳಾಗದ ಹೆಣ್ಣಿಗೆ ಅದೇ ಉತ್ತರ ಒಂದು ಒಪ್ಪಿಗೆಯಾಗಿಬಿಡುತ್ತದೆ. ಅವಳು ಏನು ಹೇಳಿದರೂ ಹೇಳಬಾರದೆಂದುಕೊಂಡದ್ದನ್ನೇ ಹೇಳಿದಂತಾಗುತ್ತದೆ.

ಆದುದರಿಂದ ‘ಹೇಗಿದ್ದೀರಿ?’ ಎಂಬುದಕ್ಕೆ ಯಾವ ಉತ್ತರ ನಿರೀಕ್ಷಿತ ಎಂಬ ಪ್ರಶ್ನೆಯನ್ನು ಒಂದೇ ವಾಕ್ಯದ ಪ್ರಶ್ನೆಯೆಂದು ಎತ್ತಿಕೊಂಡರೆ ಈ ಪ್ರದೇಶದ ಮಟ್ಟಿಗೆ ಅದು ಅಪೂರ್ಣ. ಇಲ್ಲಿ ಪ್ರಶ್ನೆಗಳು ಎರಡು. ಮೊದಲನೆಯದು ಮನೆ ನಿಂತಿದೆಯೇ ಎಂದು ಕೇಳುತ್ತದೆ, ಅದಕ್ಕೆ ಸಲ್ಲುವ ಉತ್ತರ ‘ಸೌಖ್ಯ’. ಆ ಮನೆಯೊಳಗೆ ಏನಾಗಿದೆ ಎಂಬುದು ಎರಡನೆಯದರ ವಿಷಯ. ಅದಕ್ಕೆ ಎಷ್ಟು ಉತ್ತರ ಸಿಗುತ್ತದೆ ಎಂಬುದು ಕೇಳಿದವರು ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಅವಲಂಬಿಸಿದೆ.