ಕಂಪ್ರೆಸರ್ (ಧ್ವನಿಮುದ್ರಣ)

ದನಿಯ ಜೋರಾದ ಭಾಗಗಳನ್ನು ತಾನಾಗಿ ತಗ್ಗಿಸುವ ಸಾಧನ ಅಥವಾ ಸಾಫ್ಟ್‌ವೇರ್. ಯಾವ ಮಟ್ಟ ದಾಟಿದರೆ ತಗ್ಗಿಸಬೇಕೆಂಬುದನ್ನು ಥ್ರೆಶೋಲ್ಡ್, ಎಷ್ಟು ತಗ್ಗಿಸಬೇಕೆಂಬುದನ್ನು ರೇಶಿಯೊ ನಿರ್ಧರಿಸುತ್ತದೆ. ಥ್ರೆಶೋಲ್ಡ್ −18 ಡೆಸಿಬೆಲ್, ರೇಶಿಯೊ 4:1 ಇದ್ದು, ಹಾಡುವವರ ದನಿ −6ಕ್ಕೆ ಏರಿತೆನ್ನಿ. ಮಿತಿ ಮೀರಿದ 12 ಡೆಸಿಬೆಲ್‌ನಲ್ಲಿ 3 ಮಾತ್ರ ಉಳಿದು, ದನಿ −15ಕ್ಕೆ ನಿಲ್ಲುತ್ತದೆ. ಮಿತಿಯ ಕೆಳಗಿನ ಮೆಲುದನಿ ಇದ್ದಂತೆಯೇ ಇರುತ್ತದೆ.

ಮಿತಿ ದಾಟಿದ ಮೇಲೆ ಈ ತಗ್ಗಿಸುವಿಕೆ ಹಿಡಿತಕ್ಕೆ ಬರಲು ಬೇಕಾದ ಸಮಯವೇ ಅಟ್ಯಾಕ್. ಅದು 1 ಮಿಲಿಸೆಕೆಂಡಿನಷ್ಟು ಚುರುಕಾದರೆ ‘ಕ’, ‘ತ’ಗಳ ಮೊನೆ ಮೊಂಡಾಗಬಹುದು, ಹಾಡಿಗೆ 10ರ ಆಸುಪಾಸಿನಿಂದ ಆರಂಭಿಸಬಹುದು. ದನಿ ಇಳಿದ ಬಳಿಕ ಹಿಡಿತ ಸಡಿಲಲು ಬೇಕಾದ ಸಮಯ ರಿಲೀಸ್. ಮನೆಯಲ್ಲಿ ಧ್ವನಿಮುದ್ರಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ: ಅದು ತೀರ ಚಿಕ್ಕದಾದರೆ ಸಾಲುಗಳ ನಡುವೆ ಫ್ಯಾನಿನ ಸದ್ದು ಭುಸ್ಸೆಂದು ಮೇಲೇಳುತ್ತದೆ. ಆಗ ರಿಲೀಸನ್ನು 100 ಮಿಲಿಸೆಕೆಂಡಿನಾಚೆಗೆ ಹೆಚ್ಚಿಸಿ ನೋಡಬೇಕು. ಫ್ಯಾನ್ ಆರಿಸುವುದು ಇನ್ನೂ ಒಳ್ಳೆಯದು.