‘ಕದಿಯದೆ ಬರೀ ನೋಡಿದರೆ ಹ್ಯಾಕಿಂಗ್ ಅಪರಾಧವಲ್ಲ’ ಎಂಬುದು ನಿಜವೇ?

ಸೈಬರ್ ಸೆಕ್ಯೂರಿಟಿ ಕಲಿಯುವವರ ನಡುವೆ ಒಂದು ನಂಬಿಕೆ ಇದೆ: ಕಲಿಯಲೆಂದು ಬೇರೆಯವರ ವೆಬ್‌ಸೈಟ್ ಪರೀಕ್ಷಿಸಿದರೆ, ಏನನ್ನೂ ಹಾಳು ಮಾಡದಿದ್ದರೆ ಕಾನೂನಿನ ಭಯವಿಲ್ಲ. ಇದು ತಪ್ಪು. ಏಕೆಂದು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡೋಣ.

ಒಬ್ಬ ವಿದ್ಯಾರ್ಥಿ ಕಾಲೇಜಿನ ಪೋರ್ಟಲ್‌ನಲ್ಲಿ ತನ್ನ ಫಲಿತಾಂಶ ತೆರೆಯುತ್ತಾನೆ. ವಿಳಾಸದ ಕೊನೆಯಲ್ಲಿ ಹೀಗಿದೆ:

```
result?id=1041
```

1041ರ ಜಾಗದಲ್ಲಿ 1042 ಹಾಕಿದರೆ ಗೆಳತಿಯ ಅಂಕಪಟ್ಟಿ ಬರುತ್ತದೆ. ಬೀಗವೇ ಇಲ್ಲದ ಬಾಗಿಲಲ್ಲವೇ, ಇದರಲ್ಲಿ ತಪ್ಪೇನು ಎಂದು ಅವನಿಗೆ ಅನಿಸಬಹುದು. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 43 ಬೀಗವನ್ನು ನೋಡುವುದಿಲ್ಲ, ಅನುಮತಿಯನ್ನು ನೋಡುತ್ತದೆ. ಮಾಲೀಕರ ಅಥವಾ ಉಸ್ತುವಾರಿಯವರ ಅನುಮತಿ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದು ಒಂದು ಉಲ್ಲಂಘನೆ, ಅಲ್ಲಿಂದ ಮಾಹಿತಿ ನಕಲಿಸಿಕೊಳ್ಳುವುದು ಇನ್ನೊಂದು. ಅವನು ಒಂದು ಸಣ್ಣ ಸ್ಕ್ರಿಪ್ಟ್ ಬರೆದು ಇಡೀ ತರಗತಿಯ ಅಂಕಪಟ್ಟಿ ಇಳಿಸಿಕೊಂಡರೆ ಎರಡೂ ಆದಂತೆ. ಸರ್ವರ್ ಕುಸಿದರೆ ಅದೂ ಸೇರುತ್ತದೆ.

ಸೆಕ್ಷನ್ 43ರ ಪರಿಣಾಮ ಪರಿಹಾರ ಕಟ್ಟಿಕೊಡುವುದು, ಜೈಲಲ್ಲ. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66 ಅನ್ವಯಿಸುತ್ತದೆ: 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ದುಡ್ಡು ಕೊಟ್ಟರೆ ದೋಷ ಎಲ್ಲಿದೆ ಅಂತ ಹೇಳ್ತೀನಿ’ ಎಂದು ಕಾಲೇಜಿಗೆ ಮೇಲ್ ಕಳಿಸುವವರು ತಮ್ಮ ಉದ್ದೇಶಕ್ಕೆ ತಾವೇ ಸಾಕ್ಷಿ ಬರೆದುಕೊಟ್ಟಂತೆ. ಗೆಳೆಯನ ಪಾಸ್‌ವರ್ಡ್ ಅನ್ನು ಅಪ್ರಾಮಾಣಿಕವಾಗಿ ಬಳಸುವುದಕ್ಕೆ ಸೆಕ್ಷನ್ 66ಸಿ ಪ್ರತ್ಯೇಕವಾಗಿಯೇ ಇದೆ.

ಇವುಗಳಿಗಿಂತ ಕಠಿಣವಾದದ್ದು ಸೆಕ್ಷನ್ 70. ಸರ್ಕಾರ ‘ಸಂರಕ್ಷಿತ ವ್ಯವಸ್ಥೆ’ ಎಂದು ಅಧಿಸೂಚನೆ ಹೊರಡಿಸಿದ ಕಂಪ್ಯೂಟರ್‌ಗಳಿಗೆ ಅನಧಿಕೃತವಾಗಿ ಪ್ರವೇಶಿಸಿದರೆ, ಪ್ರವೇಶಿಸಲು ಯತ್ನಿಸಿದರೂ, 10 ವರ್ಷದವರೆಗೆ ಜೈಲಾಗಬಹುದು. ಆಧಾರ್‌ನ ಕೇಂದ್ರ ದತ್ತಾಂಶ ಭಂಡಾರ ಅಂಥದ್ದು. 2017ರ ಆಗಸ್ಟ್‌ನಲ್ಲಿ ಬೆಂಗಳೂರು ಪೊಲೀಸರು ಆಧಾರ್ ಪ್ರಾಧಿಕಾರದ ದೂರಿನ ಮೇಲೆ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಅನ್ನು ಬಂಧಿಸಿದ್ದರು. ಸರ್ಕಾರದ ಇ-ಹಾಸ್ಪಿಟಲ್ ಸೇವೆಯ ಮೂಲಕ ಅನುಮತಿಯಿಲ್ಲದೆ ಆಧಾರ್ ಮಾಹಿತಿ ಪಡೆದು ತನ್ನ ಆ್ಯಪ್‌ಗೆ ಬಳಸಿದರು ಎಂಬುದು ಅವರ ಮೇಲಿದ್ದ ಆರೋಪ.

ಹಾಗಾದರೆ ಅಭ್ಯಾಸ ಎಲ್ಲಿ? ನಿಮ್ಮದೇ ಲ್ಯಾಪ್‌ಟಾಪ್‌ನ ವರ್ಚುವಲ್ ಮಷಿನ್‌ನಲ್ಲಿ. ‘ಜ್ಯೂಸ್ ಶಾಪ್’ನಂತಹ, ಬೇಕೆಂದೇ ದೋಷವಿಟ್ಟು ತಯಾರಿಸಿದ ಉಚಿತ ತಂತ್ರಾಂಶಗಳನ್ನು ಅಲ್ಲಿ ಹಾಕಿಕೊಳ್ಳಬಹುದು. ಕಂಪನಿಗಳ ಬಗ್ ಬೌಂಟಿ ಕಾರ್ಯಕ್ರಮವಾದರೆ ‘ಸ್ಕೋಪ್’ ಎಂಬ ಭಾಗವನ್ನು ಮೊದಲು ಓದಿ. ಅನುಮತಿ ಅಲ್ಲಿ ಹೆಸರಿಸಿದ ವಿಳಾಸಗಳಿಗೆ ಮಾತ್ರ. ಕಾಲೇಜಿನ ವ್ಯವಸ್ಥೆಯಾದರೆ ಮೇಷ್ಟ್ರ ಬಾಯಿಮಾತು ಸಾಲದು. ಯಾವ ಸರ್ವರ್, ಯಾವ ದಿನ, ಏನು ಮಾಡಬಹುದು ಎಂದು ಅದರ ಉಸ್ತುವಾರಿಯವರಿಂದಲೇ ಬರೆಸಿಕೊಳ್ಳಿ.

ಅಕಸ್ಮಾತ್ ದೋಷ ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ, ಖಚಿತಪಡಿಸಿಕೊಳ್ಳಲೆಂದು ಇನ್ನೊಂದು ಸಂಖ್ಯೆ ಹಾಕಬೇಡಿ. ಸಮಯ ಮತ್ತು ಕಂಡದ್ದನ್ನು ಬರೆದಿಟ್ಟುಕೊಂಡು ಆ ಸಂಸ್ಥೆಗೆ ತಿಳಿಸಿ. ಅವರು ಕಿವಿಗೊಡದಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಇಂಥ ವರದಿಗಳನ್ನು ಸ್ವೀಕರಿಸುತ್ತದೆ.