ಲೀಗಲ್ ಹಾಳೆಯ ಪತ್ರವನ್ನು ಎ4ಗೆ ಜೆರಾಕ್ಸ್ ಮಾಡುವುದು ಹೇಗೆ? 71 ಅಲ್ಲ, 83, ಲೆಕ್ಕ ಇಲ್ಲಿದೆ

ಊರಿನ ಮನೆಯ ಹಳೆಯ ಕ್ರಯಪತ್ರ ಲೀಗಲ್ ಹಾಳೆಯಲ್ಲಿದೆ. ಪುಣೆಯಲ್ಲೋ ಮುಂಬೈಯಲ್ಲೋ ಸಾಲಕ್ಕೆ ಅರ್ಜಿ ಹಾಕುವಾಗ ಅದರ ಎ4 ಪ್ರತಿ ಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪತ್ರವನ್ನು ಗಾಜಿನ ಮೇಲಿಟ್ಟು ಗುಂಡಿ ಒತ್ತುತ್ತಾರೆ. ಪ್ರತಿ ಹೊರಬಂದಾಗ ಕೊನೆಯ ಸಾಲುಗಳೇ ಇಲ್ಲ, ಸಾಕ್ಷಿಗಳ ಸಹಿಯೂ ಇಲ್ಲ. ಎರಡನೇ ಸಲ 71ಕ್ಕೆ ಇಳಿಸಿ ತೆಗೆದರೆ ಎಲ್ಲವೂ ಬರುತ್ತದೆ, ಆದರೆ ಅಕ್ಷರ ಓದಲು ಕನ್ನಡಕ ಹುಡುಕಬೇಕು. ಈ ಪತ್ರಕ್ಕೆ ಬೇಕಾಗಿದ್ದ ಸಂಖ್ಯೆ 83. ಅದು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದರೆ ಯಾವ ಅಳತೆಯ ಹಾಳೆಗೂ ಸರಿಯಾದ ಶೇಕಡಾವಾರನ್ನು ನೀವೇ ಹೇಳಬಹುದು.

ಶೇಕಡಾವಾರು ಉದ್ದದ್ದು, ವಿಸ್ತೀರ್ಣದ್ದಲ್ಲ

ಜೆರಾಕ್ಸ್ ಯಂತ್ರದಲ್ಲಿ Reduce/Enlarge ಅಥವಾ Zoom ಎಂಬ ಆಯ್ಕೆ ಇರುತ್ತದೆ. ಅಲ್ಲಿ 100 ಎಂದರೆ ಮೂಲದಷ್ಟೇ ಅಳತೆ. 50 ಎಂದು ಹಾಕಿದರೆ ಹಾಳೆ ಅರ್ಧವಾಗುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ಅರ್ಧವಾಗುವುದು ಪ್ರತಿಯೊಂದು ಗೆರೆಯ ಉದ್ದ. ಅಗಲವೂ ಅರ್ಧ, ಎತ್ತರವೂ ಅರ್ಧ ಆಗುವುದರಿಂದ ಚಿತ್ರ ಆಕ್ರಮಿಸುವ ಜಾಗ ಕಾಲು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ಜಾಗ ಸರಿಯಾಗಿ ಅರ್ಧವಾಗಲು ಎಷ್ಟು ಹಾಕಬೇಕು? ತನ್ನಿಂದಲೇ ಗುಣಿಸಿದಾಗ ಅರ್ಧ ಬರುವ ಸಂಖ್ಯೆ ಬೇಕು. ಅದು 0.707. ಯಂತ್ರ ಇದನ್ನು ಪೂರ್ಣಾಂಕ ಮಾಡಿ 71 ಎಂದು ತೋರಿಸುತ್ತದೆ, ಕೆಲವು ಯಂತ್ರಗಳಲ್ಲಿ 70 ಎಂದಿರುತ್ತದೆ. ಎ3ಯಿಂದ ಎ4ಗೆ ಇಳಿಸುವ ಸಿದ್ಧ ಗುಂಡಿಯ ಮೇಲೆ ಕಾಣುವ ಸಂಖ್ಯೆ ಇದೇ.

71 ಎ ಸರಣಿಗೆ ಏಕೆ ಹೊಂದುತ್ತದೆ?

ಎ3 ಹಾಳೆ 297 × 420 ಮಿ.ಮೀ. ಅದನ್ನು ನಡುವೆ ಮಡಚಿದರೆ 210 × 297 ಮಿ.ಮೀ. ಆಗುತ್ತದೆ. ಅದೇ ಎ4. ಎ4 ಅನ್ನು ಮಡಚಿದರೆ ಎ5. ಈ ಸರಣಿಯ ಎಲ್ಲ ಹಾಳೆಗಳಲ್ಲೂ ಉದ್ದವು ಅಗಲದ 1.414 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು. ಅರ್ಧಕ್ಕೆ ಮಡಚಿದ ಮೇಲೂ ಆಕಾರ ಬದಲಾಗದೆ ಉಳಿಯುವುದು ಈ ಒಂದು ಅನುಪಾತದಲ್ಲಿ ಮಾತ್ರ. ಜರ್ಮನಿಯ ವಿಜ್ಞಾನಿ ಗಿಯೋರ್ಗ್ ಲಿಖ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಇದನ್ನು ಗುರುತಿಸಿದ್ದರು. 1922ರಲ್ಲಿ ಅದು ಜರ್ಮನಿಯ ಕಾಗದದ ಮಾನದಂಡವಾಯಿತು. ಇಂದಿನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 216ಕ್ಕೆ ಅದೇ ಬುನಾದಿ.

ಎರಡೂ ಹಾಳೆಗಳ ಆಕಾರ ಒಂದೇ ಆಗಿರುವುದರಿಂದ ಎ3ಯಲ್ಲಿದ್ದದ್ದು 71ಕ್ಕೆ ಇಳಿದಾಗ ಎ4 ಹಾಳೆಯನ್ನು ಅಂಚಿನಿಂದ ಅಂಚಿಗೆ ತುಂಬುತ್ತದೆ. ಬದಿಯಲ್ಲಿ ಖಾಲಿ ಜಾಗ ಉಳಿಯುವುದಿಲ್ಲ, ಏನೂ ಹೊರಗೆ ಹೋಗುವುದೂ ಇಲ್ಲ. ಲೀಗಲ್ ಹಾಳೆ ಈ ಕುಟುಂಬದ್ದಲ್ಲ. ಅದು ಅಮೆರಿಕದ ಇಂಚಿನ ಲೆಕ್ಕದ್ದು: 8.5 × 14 ಇಂಚು, ಅಂದರೆ 216 × 356 ಮಿ.ಮೀ. ಅದರ ಉದ್ದ ಅಗಲದ 1.65 ಪಟ್ಟು. ಎ4ಗಿಂತ ಅಗಲದಲ್ಲಿ ಅದು ಹೆಚ್ಚಿರುವುದು 6 ಮಿ.ಮೀ. ಮಾತ್ರ. ಉದ್ದದಲ್ಲಿ ಹೆಚ್ಚಿರುವುದು ಸುಮಾರು 6 ಸೆಂ.ಮೀ. ಮೊದಲ ಪ್ರತಿಯಲ್ಲಿ ಸಹಿಗಳು ಮಾಯವಾದದ್ದು ಆ 6 ಸೆಂ.ಮೀ.ನಲ್ಲೇ.

ಸುಪ್ರೀಂ ಕೋರ್ಟ್ 2020ರ ಏಪ್ರಿಲ್‌ನಿಂದ ತನ್ನಲ್ಲಿ ಸಲ್ಲಿಸುವ ಕಾಗದಪತ್ರಗಳಿಗೆ ಎ4 ಹಾಳೆಯ ಎರಡೂ ಬದಿ ಬಳಸಬೇಕೆಂದು ಸೂಚಿಸಿತು. ಹೊಸ ಪತ್ರಗಳು ಹೀಗೆ ಎ4ಗೆ ಬರುತ್ತಿದ್ದರೂ ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪತ್ರಗಳ ಅಳತೆ ಬದಲಾಗುವುದಿಲ್ಲ. ಈ ಲೆಕ್ಕ ಬೇಕಾಗುವುದು ಅವುಗಳಿಗೇ.

83 ಬಂದದ್ದು ಹೀಗೆ

ಚಿಕ್ಕ ಹಾಳೆಯ ಅಳತೆಯನ್ನು ದೊಡ್ಡ ಹಾಳೆಯ ಅಳತೆಯಿಂದ ಭಾಗಿಸಿ 100ರಿಂದ ಗುಣಿಸಬೇಕು. ಅಗಲಕ್ಕೆ ಒಂದು ಸಲ, ಉದ್ದಕ್ಕೆ ಒಂದು ಸಲ.

```
ಅಗಲ: 210 ÷ 216 × 100 = 97.2
ಉದ್ದ: 297 ÷ 356 × 100 = 83.4
```

ಎರಡರಲ್ಲಿ ಚಿಕ್ಕದನ್ನೇ ಆರಿಸಬೇಕು. 97 ಹಾಕಿದರೆ ಅಗಲ ಹಿಡಿಸುತ್ತದೆ, ಆದರೆ ಕೆಳಭಾಗ ಮತ್ತೆ ಕತ್ತರಿಸಿಹೋಗುತ್ತದೆ. ದಶಮಾಂಶ ಬಂದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ. 83.4 ಇದ್ದರೆ 83, 83.8 ಇದ್ದರೂ 83.

83ರಲ್ಲಿ ಪತ್ರದ ಉದ್ದ 295 ಮಿ.ಮೀ., ಅಗಲ 179 ಮಿ.ಮೀ. ಆಗುತ್ತದೆ. ಉದ್ದದಲ್ಲಿ ಎ4 ತುಂಬುತ್ತದೆ. ಅಗಲದಲ್ಲಿ ಸುಮಾರು 30 ಮಿ.ಮೀ. ಖಾಲಿ ಉಳಿಯುತ್ತದೆ. ಈ ಬಿಳಿ ಪಟ್ಟಿಯನ್ನು ನೋಡಿ ಯಂತ್ರ ತಪ್ಪು ಮಾಡಿದೆ ಎಂದುಕೊಳ್ಳಬೇಡಿ. ಎರಡು ಹಾಳೆಗಳ ಆಕಾರ ಬೇರೆ ಇರುವುದಕ್ಕೆ ಅದು ಸಾಕ್ಷಿ. 12 ಪಾಯಿಂಟ್‌ನ ಅಕ್ಷರ ಇಲ್ಲಿ 10 ಪಾಯಿಂಟ್‌ಗೆ ಇಳಿಯುತ್ತದೆ, ಸಲೀಸಾಗಿ ಓದಬಹುದು. ಅದೇ ಪತ್ರವನ್ನು 71ರಲ್ಲಿ ತೆಗೆದರೆ ಅಕ್ಷರ 8.5 ಪಾಯಿಂಟ್. ಹಳೆಯ ಟೈಪ್‌ರೈಟರ್ ಪ್ರತಿಯಲ್ಲಿ ಒತ್ತಕ್ಷರಗಳು ಮೊದಲೇ ಮಸುಕಾಗಿದ್ದರೆ ಆ ವ್ಯತ್ಯಾಸ ದೊಡ್ಡದು.

ಇನ್ನೊಂದು ಎಚ್ಚರಿಕೆ ಬೇಕು. ಹೆಚ್ಚಿನ ಯಂತ್ರಗಳು ಹಾಳೆಯ ಅಂಚಿನ ಸುಮಾರು 4 ಮಿ.ಮೀ. ಪಟ್ಟಿಯಲ್ಲಿ ಮುದ್ರಿಸುವುದಿಲ್ಲ. ಪತ್ರದ ಮೇಲೆ ಕೆಳಗೆ ಸಾಕಷ್ಟು ಅಂಚು ಬಿಟ್ಟಿದ್ದರೆ ತೊಂದರೆಯಿಲ್ಲ. ಆದರೆ ಪುಟದ ಸಂಖ್ಯೆ, ಸಹಿ ಅಥವಾ ಮೊಹರು ತೀರಾ ಅಂಚಿಗೆ ಬಿದ್ದಿದ್ದರೆ 83ರ ಬದಲು 81 ಹಾಕಿಸಿ. ಆಗ ಪತ್ರದ ಉದ್ದ 288 ಮಿ.ಮೀ. ಆಗಿ, ಮೇಲೆ ಕೆಳಗೆ ನಾಲ್ಕು ಮಿ.ಮೀ.ನಷ್ಟು ಜಾಗ ಸಿಗುತ್ತದೆ.

ಅಂಗಡಿಗಳಲ್ಲಿ ಎಫ್‌ಎಸ್ ಎಂದು ಕರೆಯುವ ಫುಲ್‌ಸ್ಕೇಪ್ ಹಾಳೆಯ ವಿಷಯ ಸ್ವಲ್ಪ ಬೇರೆ. ಅದರ ಉದ್ದ ಸಾಮಾನ್ಯವಾಗಿ 13 ಇಂಚು, ಅಂದರೆ 330 ಮಿ.ಮೀ. ಇರುತ್ತದೆ, ಆಗ ಸಂಖ್ಯೆ 90. ಆದರೆ ಈ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಅಳತೆಗಳು ಚಾಲ್ತಿಯಲ್ಲಿವೆ. ಹೆಸರು ನಂಬುವುದಕ್ಕಿಂತ ಸ್ಕೇಲ್ ಇಟ್ಟು ಅಳೆಯುವುದೇ ಸರಿ.

ಹಾಳೆ ತುಂಬಿಸಲು ಎಳೆಯಬೇಡಿ

ಕೆಲವು ಯಂತ್ರಗಳಲ್ಲಿ ಅಗಲಕ್ಕೂ ಉದ್ದಕ್ಕೂ ಬೇರೆ ಬೇರೆ ಶೇಕಡಾವಾರು ಕೊಡುವ XY Zoom ಇರುತ್ತದೆ. ಅಗಲಕ್ಕೆ 97, ಉದ್ದಕ್ಕೆ 83 ಕೊಟ್ಟರೆ ಬಿಳಿ ಪಟ್ಟಿ ಇಲ್ಲದೆ ಎ4 ತುಂಬುತ್ತದೆ. ನೋಡಲು ಚೆನ್ನಾಗಿದೆ ಎನಿಸಬಹುದು, ಆದರೆ ಉಪನೋಂದಣಾಧಿಕಾರಿಯ ದುಂಡನೆಯ ಮೊಹರು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸಹಿ, ಹೆಬ್ಬೆಟ್ಟಿನ ಗುರುತು ಕೂಡ ಅಗಲಕ್ಕೆ ಹಿಗ್ಗುತ್ತವೆ. ಪ್ರತಿಯನ್ನು ಯಾರೋ ಎಳೆದಿದ್ದಾರೆ ಎಂದು ಗುರುತಿಸಲು ದುಂಡು ಮೊಹರನ್ನು ನೋಡಿದರೆ ಸಾಕು.

ಗಾಜು ಕಾಣದ್ದನ್ನು ಶೇಕಡಾವಾರು ತರಲಾರದು

ಮನೆಯಲ್ಲಿರುವ ಸಣ್ಣ ಪ್ರಿಂಟರ್‌ನಲ್ಲಿ 83 ಹಾಕಿದರೂ ಸಹಿ ಬರುತ್ತಿಲ್ಲ ಎಂದರೆ ಲೆಕ್ಕ ತಪ್ಪಿಲ್ಲ. ಇಂಥ ಬಹುತೇಕ ಪ್ರಿಂಟರ್‌ಗಳ ಗಾಜು ಎ4ನಷ್ಟೇ ದೊಡ್ಡದು. ಲೀಗಲ್ ಹಾಳೆಯ ಕೊನೆಯ ಭಾಗ ಗಾಜಿನ ಹೊರಗೇ ಉಳಿಯುತ್ತದೆ. ಕಂಡದ್ದನ್ನು ಮಾತ್ರ ಯಂತ್ರ ಕಿರಿದು ಮಾಡುತ್ತದೆ. ಇದನ್ನು ಪತ್ತೆ ಮಾಡುವುದು ಸುಲಭ: ಪ್ರತಿಯಲ್ಲಿ ಕೆಳಗೆ ಸಾಕಷ್ಟು ಖಾಲಿ ಜಾಗ ಉಳಿದಿದ್ದರೂ ಕೊನೆಯ ಸಾಲುಗಳು ಇಲ್ಲದಿದ್ದರೆ ದೋಷ ಗಾಜಿನ ಅಳತೆಯದ್ದು. ದೊಡ್ಡ ಗಾಜಿರುವ ಅಂಗಡಿಯ ಯಂತ್ರವೇ ಇದಕ್ಕೆ ಪರಿಹಾರ. ಹಾಳೆಯನ್ನು ಮೇಲಿನಿಂದ ಎಳೆದುಕೊಳ್ಳುವ ಫೀಡರ್ ಇರುವ ಕೆಲವು ಪ್ರಿಂಟರ್‌ಗಳು ಲೀಗಲ್ ಉದ್ದವನ್ನು ಓದಬಲ್ಲವು. ಆದರೆ ಹಳೆಯ, ಹರಿಯುವಂತಿರುವ ಪತ್ರವನ್ನು ಫೀಡರ್‌ಗೆ ಹಾಕುವುದು ಅಪಾಯ.

ನಕ್ಷೆಯಾದರೆ ಸಂಖ್ಯೆಯೇ ಸುಳ್ಳಾಗುತ್ತದೆ

ಕ್ರಯಪತ್ರದ ಜತೆ ನಿವೇಶನದ ನಕ್ಷೆಯೂ ಇರಬಹುದು. ಅದು ಎ3 ಹಾಳೆಯಲ್ಲಿದ್ದು, ಮೂಲೆಯಲ್ಲಿ 1:100 ಎಂದು ಬರೆದಿದೆ ಎಂದುಕೊಳ್ಳಿ. ನಿವೇಶನ ಬೆಂಗಳೂರಿನವರಿಗೆ ಚಿರಪರಿಚಿತ 30 × 40 ಅಡಿಯದ್ದು. ಎ4ಗೆ ಇಳಿಸಲು 71 ಹಾಕಿದರೆ ನಕ್ಷೆ ಸುಂದರವಾಗಿ ಹಿಡಿಸುತ್ತದೆ, ಮೂಲೆಯ 1:100 ಕೂಡ ಹಾಗೇ ಅಚ್ಚಾಗುತ್ತದೆ. ಆದರೆ ಈಗ ನಿಜವಾದ ಪ್ರಮಾಣ 1:141.

ಆ ಪ್ರತಿಯ ಮೇಲೆ ಸ್ಕೇಲ್ ಇಟ್ಟು 1:100 ಎಂದೇ ಲೆಕ್ಕ ಹಾಕಿದವರಿಗೆ 40 ಅಡಿ 28.4 ಅಡಿಯಾಗಿ, 30 ಅಡಿ 21.3 ಅಡಿಯಾಗಿ ಕಾಣುತ್ತದೆ. 1,200 ಚದರ ಅಡಿಯ ನಿವೇಶನ 605 ಚದರ ಅಡಿಗೆ ಇಳಿದುಬಿಡುತ್ತದೆ! ಗೆರೆಗಳ ಪಕ್ಕದಲ್ಲಿ ಬರೆದ ಅಡಿಗಳ ಅಂಕಿ ಮಾತ್ರ ಸರಿಯಾಗಿರುತ್ತವೆ. ನಕ್ಷೆಯಲ್ಲಿ ಅಳತೆಯ ಪಟ್ಟಿಯನ್ನೇ ಗೆರೆಯಾಗಿ ಎಳೆದಿದ್ದರೆ ಅದೂ ಸರಿ, ಏಕೆಂದರೆ ನಕ್ಷೆಯ ಜತೆಗೆ ಅದೂ ಕುಗ್ಗಿರುತ್ತದೆ.

ಸ್ಕೇಲ್ ಇಟ್ಟು ಅಳೆಯಲೇಬೇಕಾದ ಪ್ರತಿ ಬೇಕಿದ್ದರೆ 71ರ ಬದಲು 50 ಹಾಕಿಸಿ. ಚಿತ್ರ ಎ4ನ ಅರ್ಧ ಭಾಗದಲ್ಲಿ ಕೂರುತ್ತದೆ, ಪ್ರಮಾಣ ಕರಾರುವಾಕ್ಕಾಗಿ 1:200 ಆಗುತ್ತದೆ. ಹಳೆಯ 1:100 ಅನ್ನು ಹೊಡೆದುಹಾಕಿ ಪಕ್ಕದಲ್ಲಿ 1:200 ಎಂದು ಬರೆಯಿರಿ. 71ರ ಪ್ರತಿಯೇ ಸಾಕು ಎಂದಾದರೆ 'ಶೇ 71ಕ್ಕೆ ಕಿರಿದುಗೊಳಿಸಿದ ಪ್ರತಿ, ಅಳೆಯಬಾರದು' ಎಂದು ಬರೆದಿಡಿ.

ಪ್ರತಿ ಸರಿಯಿದೆಯೇ? ಹೀಗೆ ನೋಡಿ

ಮೂಲದಲ್ಲಿ ಗುರುತಿಸಬಹುದಾದ ಎರಡು ಜಾಗ ಹುಡುಕಿ, ನಡುವಿನ ಅಂತರ 10 ಸೆಂ.ಮೀ. ಇರಲಿ. 83ರ ಪ್ರತಿಯಲ್ಲಿ ಅದು 8.3 ಸೆಂ.ಮೀ. ಇರಬೇಕು. ಅಡ್ಡಕ್ಕೂ ಉದ್ದಕ್ಕೂ ಒಮ್ಮೊಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ ಪ್ರತಿ ಎಳೆದದ್ದಲ್ಲ. 8.3 ಬರದೆ 6.9 ಬಂದರೆ ಕಿರಿದಾದ ಪ್ರತಿಯನ್ನೇ ಮತ್ತೊಮ್ಮೆ 83ಕ್ಕೆ ಇಳಿಸಿದ್ದಾರೆ ಎಂದರ್ಥ, ಏಕೆಂದರೆ ಎರಡನೇ ಸಲ ಶೇಕಡಾವಾರುಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಅಂಗಡಿ ಬಿಡುವ ಮೊದಲು ಮೂಲಪತ್ರದ ನಾಲ್ಕೂ ಮೂಲೆಗಳಲ್ಲಿ ಏನಿದೆ ಎಂದು ನೋಡಿ, ಅದೆಲ್ಲ ಪ್ರತಿಯಲ್ಲೂ ಇದೆಯೇ ಎಂದು ಹೋಲಿಸಿ. ಕೊನೆಯದಾಗಿ, ಗಾಜಿನ ಮೇಲೆ ಉಳಿದಿರುವ ಮೂಲಪತ್ರವನ್ನು ಮರೆಯದೆ ವಾಪಸ್ ತೆಗೆದುಕೊಳ್ಳಿ.